ನೆಲಮಾಳಿಗೆಯ ಪ್ಲಗ್ ಪಾಯಿಂಟ್

ಸ್ಟುಟ್‌ಗಾರ್ಟ್ ಊರು ಇರೋದೇ ಬೋಗುಣಿಯೊಳಗೆ ಕೂತ ಹಾಗೆ. ಸುತ್ತ ಗುಡ್ಡ, ನಡುವೆ ತಗ್ಗು. ನಾವಿದ್ದದ್ದು ಗುಡ್ಡದ ಮೇಲೆ, ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕಾರನ್ನು ಬೆಳಿಗ್ಗೆಯೇ ಹೆಂಡತಿ ತಗೊಂಡು ಹೋಗಿಬಿಡೋಳು. ನನಗೆ ಸೈಕಲ್ ಮೇಲೆ ಇಳಿಯೋದೇನೋ ಸಲೀಸು, ಸಂಜೆ ಹತ್ತೋವಾಗ ಮಾತ್ರ ಏದುಸಿರು. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ, ಗಂಟೆಗೆ 45 ಕಿ.ಮೀ. ಮೇಲೆ ಓಡದ ಜಾತಿಯದು. ಅಲ್ಲಿ ಇಂಥ ಗಾಡಿಗೆ ವಿಮೆಯವರು ಕೊಡೋ ಪುಟ್ಟ ಫಲಕವೇ ನಂಬರ್ ಪ್ಲೇಟು. ಪ್ರತಿ ವರ್ಷ ಮಾರ್ಚ್ 1ಕ್ಕೆ ಅದರ ಬಣ್ಣ ಬದಲಾಗುತ್ತೆ: ಕಪ್ಪು, ನೀಲಿ, ಹಸಿರು, ಮತ್ತೆ ಕಪ್ಪು. ಹಳೇ ಬಣ್ಣದ ಫಲಕ ಹಾಕಿಕೊಂಡು ಓಡಾಡಿದರೆ ಪೊಲೀಸರಿಗೆ ದೂರದಿಂದಲೇ ಗೊತ್ತಾಗಿಬಿಡುತ್ತೆ. ನಾನು ಕೊಂಡಾಗ ನೀಲಿ ಇತ್ತೋ ಹಸಿರಿತ್ತೋ, ಈಗ ಸರಿಯಾಗಿ ನೆನಪಿಲ್ಲ.

ಬ್ಯಾಟರಿಯನ್ನು ಕಳಚಿ ಮನೆಗೆ ತಂದು ಚಾರ್ಜ್ ಮಾಡಬಹುದಿತ್ತು. ಆದರೆ ಅದು ಅಕ್ಕಿ ಮೂಟೆ ತೂಕ, ಮೂರು ಮಹಡಿ ಹತ್ತಿಸಬೇಕು. ಜೊತೆಗೆ ಹೆಂಡತಿ ಖಡಾಖಂಡಿತ ಹೇಳಿಬಿಟ್ಟಳು: "ರೀ, ರಾತ್ರಿಯೆಲ್ಲ ಅದು ಅಡುಗೆಮನೇಲಿ ಚಾರ್ಜ್ ಆಗ್ತಾ ಇದ್ರೆ ನನಗೆ ನಿದ್ದೆ ಬರಲ್ಲ." ಸರಿ, ನೆಲಮಾಳಿಗೆಯ ಗ್ಯಾರೇಜಿನಲ್ಲೇ ಜಾಗ ಕೇಳೋಣ, ಒಂದು ಪ್ಲಗ್ ಪಾಯಿಂಟೂ ಕೇಳೋಣ, ಕಾಸು ಕೊಟ್ಟರಾಯಿತು ಅಂದುಕೊಂಡೆ.

ನಮ್ಮ ಮನೆಯ ಒಡತಿ ಎಪ್ಪತ್ತು ದಾಟಿದ ಅಜ್ಜಿ, ಕೆಳಗಿನ ಮನೆಯಲ್ಲೇ ಇದ್ದರು. ಶಿಸ್ತು ಅಂದರೆ ಶಿಸ್ತು. ಆ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಈ ವಾರ ನಿಮ್ಮ ಸರದಿ ಅಂದರೆ ಬಾಗಿಲಿಗೆ ಒಂದು ಹಲಗೆ ನೇತುಹಾಕಿ ಹೋಗ್ತಾರೆ, ಮೆಟ್ಟಿಲು, ಅಂಗಳ ನೀವೇ ಗುಡಿಸಿ ಒರೆಸಬೇಕು. ನಾನು ಗುಡಿಸಿದ ಮೇಲೆ ಅಜ್ಜಿ ಬಂದು ಮೂಲೆಗೆ ಬೆರಳಾಡಿಸಿ ನೋಡೋರು. ಆದರೆ ಬೇಸಿಗೆ ಮುಗಿಯೋ ಹೊತ್ತಿಗೆ ಪ್ಲಮ್ ಹಣ್ಣಿನ ಕೇಕ್ ಮಾಡಿ, ಮೇಲೆ ದಾಲ್ಚಿನ್ನಿ ಉದುರಿಸಿ, ಬಿಸಿಬಿಸಿ ತಟ್ಟೆ ಕಳಿಸೋರೂ ಅವರೇ. ನಮ್ಮ ಕಡೆಯಿಂದ ಕೋಡುಬಳೆ ಹೋಗ್ತಿತ್ತು. ಖಾರ ಜಾಸ್ತಿ ಅಂತ ಗೊಣಗಿಕೊಂಡೇ ಡಬ್ಬಿ ಖಾಲಿ ಮಾಡೋರು.

ಒಂದು ಮಳೆ ಸಂಜೆ ಅವರ ಮನೆಗೆ ಹೋಗಿ ಕೇಳಿದೆ. "ಗ್ಯಾರೇಜಿನ ಮೂಲೇಲಿ ಸ್ಕೂಟರ್ ನಿಲ್ಲಿಸ್ಕೋತೀನಿ, ಪಕ್ಕದ ಪ್ಲಗ್ಗಿನಿಂದ ಚಾರ್ಜ್ ಮಾಡ್ಕೋತೀನಿ, ತಿಂಗಳಿಗೆ 10 ಯೂರೋ ಕೊಡ್ತೀನಿ." ಅಜ್ಜಿ ಕನ್ನಡಕ ತೆಗೆದರು. "ಯಾರಿಗೆ ಕೊಡ್ತೀರಿ?" ಅಂದರು.

ಪ್ರಶ್ನೆ ಸರಿಯಾಗೇ ಇತ್ತು. ಆ ಮೂಲೆ ಅಜ್ಜಿಯದಲ್ಲ, ಕಟ್ಟಡದಲ್ಲಿ ಮನೆ ಇರೋ ಎಲ್ಲ ಮಾಲೀಕರದ್ದು. ಆ ಪ್ಲಗ್ಗಿನ ಕರೆಂಟು ಮೆಟ್ಟಿಲ ದೀಪದ ಮೀಟರಿನದು, ಅದರ ಬಿಲ್ಲು ಎಲ್ಲ ಮನೆಗೂ ಹಂಚಿಕೆಯಾಗುತ್ತೆ. ಕೇಳದೆ ಅದಕ್ಕೆ ಸಿಕ್ಕಿಸಿದರೆ ಕರೆಂಟು ಕಳವು. ಜರ್ಮನಿಯ ದಂಡಸಂಹಿತೆಯಲ್ಲಿ ಅದಕ್ಕೇ ಒಂದು ಕಲಮು ಇದೆ, 248ಸಿ. ಕೇಳಿಯೇ ಸಿಕ್ಕಿಸಿದರೂ ನನ್ನ 10 ಯೂರೋ ಯಾವ ಲೆಕ್ಕಕ್ಕೆ ಹೋಗಬೇಕು? ಕಟ್ಟಡದ ವ್ಯವಸ್ಥಾಪಕರು ಫೋನಿನಲ್ಲಿ ಹೇಳಿದ್ದೂ ಅದೇ: ಅಳತೆ ಇಲ್ಲದ ದುಡ್ಡು ವಾರ್ಷಿಕ ಲೆಕ್ಕದಲ್ಲಿ ಬಂದರೆ ಯಾರಾದರೂ ಒಬ್ಬರು ತಕರಾರು ಎತ್ತೇ ಎತ್ತುತ್ತಾರೆ.

ಹಾಗಂತ ನಾನು ಹೇಳಿದ ಮೊತ್ತ ಕಡಿಮೆಯೇನೂ ಇರಲಿಲ್ಲ. ಬ್ಯಾಟರಿ ಹಿಡಿಯೋದು ಸುಮಾರು 2 ಯೂನಿಟ್, ಚಾರ್ಜರಿನಲ್ಲಿ ಬಿಸಿಯಾಗಿ ಹೋಗೋದು ಸೇರಿಸಿದರೆ 2.3. ಯೂನಿಟ್ಟಿಗೆ 35 ಸೆಂಟ್ ಹಿಡಿದರೆ ಒಂದು ಸಲಕ್ಕೆ 80 ಸೆಂಟ್. ತಿಂಗಳಿಗೆ ಹನ್ನೆರಡು ಸಲ ಅಂದರೆ 10 ಯೂರೋಗೆ ಹತ್ತಿರ. ಆದರೆ ಲೆಕ್ಕ ಸರಿ ಇದ್ದ ಮಾತ್ರಕ್ಕೆ ಎದುರುಮನೆಯವರು ನಂಬಬೇಕಲ್ಲ!

ದಾರಿ ತೋರಿಸಿದ್ದು ಬಾಡಿಗೆದಾರರ ಸಂಘದಲ್ಲಿ ಕೂತಿದ್ದ ಒಬ್ಬ ವಕೀಲೆ. 2020ರ ಡಿಸೆಂಬರ್ 1ರಿಂದ ಕಾನೂನೇ ಬದಲಾಗಿದೆ ಅಂದರು. ಜರ್ಮನ್ ನಾಗರಿಕ ಸಂಹಿತೆಯ 554ನೇ ಕಲಮಿನ ಪ್ರಕಾರ, ವಿದ್ಯುತ್ ವಾಹನ ಚಾರ್ಜ್ ಮಾಡೋಕೆ ಬೇಕಾದ ಬದಲಾವಣೆಗೆ ಬಾಡಿಗೆದಾರ ಅನುಮತಿ ಕೇಳಬಹುದು. ಖರ್ಚು ಅವನದೇ. ಮಾಲೀಕರಿಗೆ ಸಹಿಸಲಾಗದಂಥ ತೊಂದರೆ ಇದ್ದರೆ ಮಾತ್ರ ಬೇಡ ಅನ್ನಬಹುದು. ಕಾರಿಗೆ ಅಷ್ಟೇ ಅಲ್ಲ, ಎರಡು ಚಕ್ರದ ಗಾಡಿಗೂ ಇದು ಅನ್ವಯ. ಆದರೆ ನಾನು ಕೇಳಬೇಕಾದ್ದು ಅಜ್ಜಿಯನ್ನು. ಮಾಲೀಕರ ಸಭೆಯನ್ನು ಕೇಳಬೇಕಾದವರು ಅಜ್ಜಿ. ಸಭೆಗೂ ಕೊಡ್ತೀವಿ, ಕೊಡಲ್ಲ ಅನ್ನೋ ಆಯ್ಕೆ ಇಲ್ಲ, ಹೇಗೆ ಹಾಕಿಸಬೇಕು ಅಂತ ತೀರ್ಮಾನಿಸೋ ಅಧಿಕಾರ ಇದೆ.

ಆದರೆ ಸಭೆ ಸಾಮಾನ್ಯವಾಗಿ ವರ್ಷಕ್ಕೊಂದು. ಮೂರು ವಾರ ಮೊದಲೇ ನೋಟಿಸು ಹೋಗಬೇಕು, ಅದರ ಕಾರ್ಯಸೂಚಿಯಲ್ಲಿ ವಿಷಯ ಇರಬೇಕು. ಆ ಚಳಿಗಾಲ ಪೂರ್ತಿ ಬ್ಯಾಟರಿ ಹೊತ್ತಿದ್ದೇ ಬಂತು.

ಅಷ್ಟರಲ್ಲಿ ಅಜ್ಜಿಯೇ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆತಂದರು. ದೊಡ್ಡ ಹೊಟ್ಟೆ, ಕಿವಿಯ ಹಿಂದೆ ಪೆನ್ಸಿಲ್, ಮಾತು ಕಡಿಮೆ. ಮೀಟರ್ ಕೋಣೆಯ ಬಾಗಿಲು ತೆಗೆದು, "ಎಲ್ಲ ಮನೆ ಮೀಟರೂ ಇಲ್ಲೇ ಇದೆಯಲ್ಲ, ನಿಮ್ಮ ಮೀಟರಿನಿಂದಲೇ ತಂತಿ ಎಳೀತೀನಿ" ಅಂದ. ಅಲ್ಲಿಗೆ 10 ಯೂರೋ ಮಾತು ಮುಗೀತು. ಉರಿದ ಕರೆಂಟು ನನ್ನ ಬಿಲ್ಲಿಗೇ ಬರುತ್ತೆ, ಯಾರೂ ಯಾರಿಗೂ ಕೊಡೋದಿಲ್ಲ.

ಮೂಲೆಯ ಆಸೆಯನ್ನೂ ಅವನೇ ಬಿಡಿಸಿದ. ಅದು ಬೆಂಕಿ ಬಿದ್ದಾಗ ಓಡೋ ಬಾಗಿಲಿನ ದಾರಿ, ಅಲ್ಲಿ ಸೈಕಲ್ಲೂ ನಿಲ್ಲಿಸಬಾರದು. ಟೇಪು ಹಿಡಿದು ನಮ್ಮ ಕಾರಿನ ಜಾಗ ಅಳೆದ: ಉದ್ದ 5 ಮೀಟರ್. ನಮ್ಮ ಪುಟ್ಟ ಕಾರು 3.6. ಹಿಂಗೋಡೆಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸಿದರೆ ಮುಕ್ಕಾಲು ಮೀಟರ್ ಸಾಕು. ಎರಡನೇ ಗಾಡಿಗೆ ಬೇರೆ ಜಾಗವೂ ಬೇಕಾಗಲಿಲ್ಲ. ಅಜ್ಜಿ ಬಾಡಿಗೆ ಕರಾರಿಗೆ ಒಂದು ಸಾಲು ಸೇರಿಸಿ ರುಜು ಹಾಕಿದರು.

ಸಭೆಯಲ್ಲಿ ನಾನಿರಲಿಲ್ಲ. ಬಾಡಿಗೆದಾರರಿಗೆ ಅಲ್ಲಿ ಕುರ್ಚಿ ಇಲ್ಲ. ನಾಲ್ಕನೇ ಮಹಡಿಯವರು ಬೆಂಕಿಯ ಭಯ ಎತ್ತಿದರಂತೆ. ಅಜ್ಜಿ ಎಲೆಕ್ಟ್ರಿಷಿಯನ್ನನ ಕಾಗದ ಓದಿದರಂತೆ: ಈ ಚಾರ್ಜರು 600 ವ್ಯಾಟ್, ನಿಮ್ಮ ನೀರು ಕಾಯಿಸೋ ಕೆಟಲ್ 2000. ಪ್ರತ್ಯೇಕ ತಂತಿ, ಪ್ರತ್ಯೇಕ ಫ್ಯೂಸ್, 30 ಮಿಲಿಆಂಪ್ ಸೋರಿದರೂ ಕಡಿದುಹಾಕೋ ಸ್ವಿಚ್ಚು. ಮತ ಬಿತ್ತು, ಒಪ್ಪಿಗೆಯಾಯಿತು. ಷರತ್ತು ಒಂದೇ: ತಂತಿ ಹಾದುಹೋಗೋ ಗೋಡೆ ಬೆಂಕಿ ತಡೆಯೋ ಗೋಡೆ, ಆ ತೂತನ್ನು ಬೆಂಕಿನಿರೋಧಕ ಗಾರೆಯಿಂದಲೇ ಮುಚ್ಚಬೇಕು. ತಂತಿ, ಪ್ಲಗ್ಗುಗಳಿಗಿಂತ ಕೂಲಿ ಮತ್ತು ಆ ತೂತು ಮುಚ್ಚಿಸಿದ್ದೇ ದುಬಾರಿಯಾಯಿತು ಅನ್ನೋದು ನೆನಪಿದೆ, ಮೊತ್ತ ಮರೆತಿದೆ.

ಕೆಲಸ ಮುಗಿದ ದಿನ ಅವನು ಗಾಡಿ ಚಾರ್ಜಿಗೆ ಹಾಕಿಸಿ, ಒಂದು ಗಂಟೆ ಕಾಯಿಸಿ, ಪ್ಲಗ್ಗಿನ ಮೇಲೆ ಅಂಗೈ ಇಟ್ಟು ನೋಡಿದ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ, ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದರೆ ಆಗಲೇ ನಿಲ್ಲಿಸಿ ಕರೀರಿ ಅಂದ. ಹಿಮ ಬಿದ್ದ ದಿನ ಹೊರಗೆ ನಿಂತಿದ್ದ ಗಾಡಿಯನ್ನು ತಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಸೊನ್ನೆಗಿಂತ ಕೆಳಗಿದ್ದಾಗ ಲಿಥಿಯಂ ಬ್ಯಾಟರಿ ಕೆಡುತ್ತೆ, ಒಳಗೆ ಬೆಚ್ಚಗಾಗಲಿ ಅಂತಲೂ ಹೇಳಿದ. ಅಜ್ಜಿ ಕೊಟ್ಟ ಕೇಕನ್ನು ನಿಂತೇ ತಿಂದು ಹೊರಟ.

ಜರ್ಮನಿಯಲ್ಲಿ ಬಾಡಿಗೆಗಿದ್ದು ಇಂಥದ್ದು ಕೇಳಬೇಕಾದವರಿಗೆ ಒಂದು ಮಾತು: ದುಡ್ಡಿನ ಮಾತನ್ನು ಮೊದಲು ಎತ್ತಬೇಡಿ. ಮೀಟರ್ ಎಲ್ಲಿದೆ ನೋಡಿ, ಎಲೆಕ್ಟ್ರಿಷಿಯನ್ನನಿಂದ ಅಂದಾಜು ಬರೆಸಿಕೊಳ್ಳಿ, ಅದರ ಜೊತೆ ಮಾಲೀಕರಿಗೆ ಕಾಗದ ಬರೆಯಿರಿ, ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲು ಹೇಳಿ. ಮನೆ ಬಿಡುವಾಗ ಪ್ಲಗ್ ಕಿತ್ತುಕೊಂಡು ಹೋಗಬೇಕೋ ಬಿಟ್ಟು ಹೋಗಬೇಕೋ ಅನ್ನೋದನ್ನೂ ಅದೇ ಕಾಗದದಲ್ಲಿ ಬರೆಸಿಕೊಂಡುಬಿಡಿ.