ಮಾವನವರ ಉಗುರು

ನರ್ಸಿಂಗ್ ಓದುವ ಮಗಳು ಪಾಠದ ಫೋಟೊ ತೋರಿಸಿದಳು. ಬೆರಳ ತುದಿ ಗುಂಡಗೆ ಊದಿ, ಉಗುರು ಗಿಣಿ ಕೊಕ್ಕಿನಂತೆ ಬಾಗಿತ್ತು. "ಇದು ಕ್ಲಬ್ಬಿಂಗ್ ಅಮ್ಮ. ಮೇಲಿಂದ ನೋಡಿದ್ರೆ ಮೋಸ ಹೋಗ್ತೀವಿ, ಪಕ್ಕದಿಂದ ನೋಡ್ಬೇಕು." ಉಗುರಿನ ಬುಡದಲ್ಲಿ ಇರಬೇಕಾದ ಸಣ್ಣ ತಗ್ಗು ಅಲ್ಲಿ ತುಂಬಿಹೋಗಿತ್ತು.

ನನಗೆ ಥಟ್ಟನೆ ಮಾವನವರ ಕೈ ನೆನಪಾಯ್ತು. ಮಗಳು ಅವರ ಎರಡೂ ತೋರುಬೆರಳ ಉಗುರುಗಳನ್ನು ಎದುರುಬದುರಾಗಿ ಒತ್ತಿ ಹಿಡಿಸಿದಳು. ನಾನು ಹಿಡಿದಾಗ ಬುಡದಲ್ಲಿ ವಜ್ರದಾಕಾರದ ಪುಟ್ಟ ಕಿಂಡಿ ಕಂಡಿತ್ತು. ಅವರದ್ದರಲ್ಲಿ ಬೆಳಕೇ ತೂರಲಿಲ್ಲ. (ಷಾಮ್ರಾತ್ ಎಂಬ ಹೃದ್ರೋಗ ವೈದ್ಯರು ತಮ್ಮ ಬೆರಳಲ್ಲೇ ಇದನ್ನು ಕಂಡುಕೊಂಡು 1976ರಲ್ಲಿ ಬರೆದರಂತೆ.)

"ಬೀಡಿ ಸೇದ್ದೋನಿಗೆ ದಮ್ಮು ಇದ್ದದ್ದೇ ಪುಟ್ಟಿ" ಅಂದರು ಮಾವ. "ಬರೀ ದಮ್ಮಿಗೆ ಉಗುರು ಹೀಗಾಗಲ್ಲ ತಾತ" ಅಂದಳು. ಬೀಡಿ ಸೇದುವವರಲ್ಲಿ ಇದು ಕಂಡರೆ ಶ್ವಾಸಕೋಶದಲ್ಲಿ ಗಡ್ಡೆ ಇದೆಯಾ ಎಂದು ನೋಡಲೇಬೇಕಂತೆ. ಹುಟ್ಟಿನಿಂದಲೇ ಇಂಥ ಉಗುರು ಇರುವವರೂ ಉಂಟು. ಅದಕ್ಕೇ ನಮ್ಮ ಮದುವೆ ಆಲ್ಬಮ್ ತೆಗೆದೆವು. ಅಕ್ಷತೆ ಹಿಡಿದ ಮಾವನವರ ಬೆರಳು ಅದರಲ್ಲಿ ನೆಟ್ಟಗಿತ್ತು.

ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಒಂದು ನೆರಳು ಸಿಕ್ಕಿದೆ. ಸೋಮವಾರ ಸಿಟಿ ಸ್ಕ್ಯಾನ್.