ಬೈಟೂ ಚಹಾ, ಒಂದೂವರೆ ಜಿಬಿ

2018ರ ಜನವರಿಯ ಕೊನೆ. ತುಮಕೂರು ಬಸ್‌ಸ್ಟ್ಯಾಂಡ್ ಪಕ್ಕದ ಗೂಡಂಗಡಿಯಲ್ಲಿ ನಾನೂ ರಾಜಣ್ಣನೂ ಬೈಟೂ ಹೇಳಿ ನಿಂತಿದ್ದೆವು. ರಾಜಣ್ಣನದು ರೀಚಾರ್ಜ್ ಅಂಗಡಿ. ಹಾಗಾಗಿ ಅವನಿಗೆ ಹವಾಮಾನಕ್ಕಿಂತ ಪ್ಯಾಕುಗಳ ಚಿಂತೆ ಹೆಚ್ಚು.

"ನೋಡಿದ್ಯೇನೋ, ಜಿಯೊದವರು 149 ರೂಪಾಯಿಗೆ ದಿನಕ್ಕೆ ಒಂದು ಜಿಬಿ ಕೊಡ್ತಿದ್ದದ್ದನ್ನ ಒಂದೂವರೆ ಮಾಡಿದಾರೆ. ಏರ್‌ಟೆಲ್‌ನವರು ಸುಮ್ನೆ ಇರ್ತಾರಾ? ನನ್ನ ಗೋಡೆಯ ಪೋಸ್ಟರ್ ಒಣಗೋಕೆ ಮೊದ್ಲೇ ರೇಟು ಬದಲು."

"ಅಲ್ಲ ಕಣೋ, ಇಬ್ಬರೂ ಇಳಿಸಿ ಇಬ್ಬರೂ ಕಳೆದುಕೊಳ್ಳೋದು ಯಾಕೆ? ಕೂತು ಮಾತಾಡಬಾರದಾ?"

"ಮಾತಾಡಿ ರೇಟು ಕಟ್ಟಿದ್ರೆ ಕಾನೂನಿಗೆ ತಪ್ಪು. ಅದಿರಲಿ, ಲೆಕ್ಕ ಕೇಳು." ಅವನು ಬೆಂಕಿಕಡ್ಡಿ ಪೆಟ್ಟಿಗೆಯ ಮೇಲೆ ಬರೆಯತೊಡಗಿದ. ಇಬ್ಬರಿಗೂ ನೂರು ನೂರು ಗಿರಾಕಿ, ಪ್ಯಾಕ್ 200 ರೂಪಾಯಿ ಅನ್ನು. ಇಬ್ಬರಿಗೂ ಇಪ್ಪತ್ತು ಸಾವಿರ. ಒಬ್ಬ 150ಕ್ಕೆ ಇಳಿಸ್ತಾನೆ, ಆ ಕಡೆಯಿಂದ ನಲವತ್ತು ಜನ ಬಂದುಬಿಡ್ತಾರೆ. ಇವನಿಗೆ ಇಪ್ಪತ್ತೊಂದು ಸಾವಿರ, ಅವನಿಗೆ ಉಳಿದ ಅರವತ್ತು ಜನರಿಂದ ಹನ್ನೆರಡು. ಅವನೂ 150 ಮಾಡಿದ್ರೆ ಹೋದವರು ವಾಪಸ್, ಹದಿನೈದು ಸಾವಿರವಾದ್ರೂ ಬರುತ್ತೆ. "ಹನ್ನೆರಡಕ್ಕಿಂತ ಹದಿನೈದು ವಾಸಿ ತಾನೇ? ಅದಕ್ಕೇ ಇಳಿಸ್ತಾನೆ. ಕೊನೆಗೆ ಇಬ್ಬರಿಗೂ ಐದೈದು ಸಾವಿರ ಖೋತಾ."

ಗಿರಾಕಿಗಳು ಅಷ್ಟು ಸಲೀಸಾಗಿ ಓಡಾಡುತ್ತಾರಾ ಎಂದೆ. ನಗುತ್ತಾ ಅಂದ: "ನಂಬರ್ ಅದೇ ಉಳಿಯುತ್ತಲ್ಲ! 2011ರಿಂದ ದೇಶದಲ್ಲೆಲ್ಲ ಪೋರ್ಟ್ ಮಾಡಿಸಬಹುದು. `PORT` ಅಂತ ಬರೆದು, ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಹಾಕಿದ್ರೆ ಆಯ್ತು."

ಚಹಾ ಬಂತು. ನಾನು ಕೇಳಿದೆ: "ಹಾಗಾದರೆ ಈ ಚಹಾದವನೂ ಎದುರಿನ ಅಂಗಡಿಯವನೂ ಯಾಕೆ ಲೋಟಕ್ಕೆ ಒಂದು ರೂಪಾಯಿಗೆ ಇಳಿದಿಲ್ಲ?"

"ಪ್ರತಿ ಲೋಟಕ್ಕೂ ಹಾಲು ಬೇಕು, ಸಕ್ಕರೆ ಬೇಕು. ಅದಕ್ಕಿಂತ ಕೆಳಗೆ ಇಳಿದ್ರೆ ಲೋಟಕ್ಕೊಂದು ನಷ್ಟ. ಡೇಟಾಗೆ ಹಾಲಿಲ್ಲ ಮಾರಾಯ. ಟವರ್, ಕೇಬಲ್, ಹರಾಜಿನಲ್ಲಿ ಕೊಂಡ ತರಂಗಾಂತರ, ಎಲ್ಲ ಮೊದಲೇ ಸಾಲ ಮಾಡಿ ಹಾಕಿದ ದುಡ್ಡು. ಆಮೇಲೆ ಇನ್ನೊಂದು ಜಿಬಿ ಕೊಡೋಕೆ ಹೆಚ್ಚುಕಮ್ಮಿ ಏನೂ ಖರ್ಚಿಲ್ಲ. ಸಂಜೆ ಎಂಟಕ್ಕೆ ಎಲ್ಲರೂ ಒಂದೇ ಟವರ್‌ನಲ್ಲಿ ವಿಡಿಯೊ ನೋಡೋಕೆ ಕೂತು, ಚಕ್ರ ತಿರುಗೋಕೆ ಶುರುವಾದಾಗ ಮಾತ್ರ ಹೊಸ ಖರ್ಚು."

ಸರಿ, ಆದರೆ ಆ ಸಾಲ ತೀರಬೇಕಲ್ಲ ಎಂದೆ. ರಾಜಣ್ಣ ತನ್ನ ಪಾಲಿನ ಚಹಾವನ್ನು ಗುಟುಕು ಗುಟುಕಾಗಿ ಮುಗಿಸಿದ. ಅವನಿಗೆ ಅವಸರ ಅನ್ನೋದೇ ಇಲ್ಲ.

"ತೀರಲ್ಲ. ಯಾರ ಜೇಬು ಆಳವೋ ಅವನು ನಿಲ್ತಾನೆ, ಮಿಕ್ಕವರು ಮುಳುಗ್ತಾರೆ. ಜನ ಕಮ್ಮಿ ಉಳಿದ ಮೇಲೆ ಒಬ್ಬ ಏರಿಸಿದ್ರೆ ಇನ್ನೊಬ್ಬನೂ ಏರಿಸ್ತಾನೆ, ಬಿಟ್ಟು ಹೋಗೋಕೆ ನಮಗೆ ಜಾಗ ಇರಲ್ಲ."

ಆ ಫೆಬ್ರುವರಿಯಲ್ಲೇ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. ಆಗಸ್ಟ್‌ನಲ್ಲಿ ವೊಡಾಫೋನ್, ಐಡಿಯಾ ಒಂದಾದವು. 2019ರ ಡಿಸೆಂಬರ್ ಮೊದಲ ವಾರದಲ್ಲಿ ಉಳಿದ ಮೂರೂ ಖಾಸಗಿ ಕಂಪನಿಗಳು ಬೆನ್ನುಬೆನ್ನಿಗೆ ದರ ಏರಿಸಿದವು. ರಾಜಣ್ಣ ಹೊಸ ಪೋಸ್ಟರ್ ಅಂಟಿಸುತ್ತಾ, "ಇದು ಸ್ವಲ್ಪ ದಿನ ಗೋಡೆ ಮೇಲಿರುತ್ತೆ ಬಿಡು" ಅಂದ.