ಆಷಾಢದ ಮೊದಲ ಕಾಗದ

ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂಬ ನಂಬಿಕೆ ನಮ್ಮ ಮಲೆನಾಡಿನಲ್ಲಿ ಈಗಲೂ ಇದೆ. ವೈಶಾಖದಲ್ಲಿ ಬಂದ ಸೊಸೆ, ಮನೆಯ ಮಂದಿಯ ಮುಖ ಗುರುತಾಗುವಷ್ಟರಲ್ಲಿ ತವರಿಗೆ ಹೊರಡುತ್ತಾಳೆ. 1990ರ ದಶಕದಲ್ಲಿ ಹಳ್ಳಿಗಳಿಗೆ ಫೋನು ಬರುವವರೆಗೂ, ಹೋಗಿ ವಾರದೊಳಗೆ ಅವಳಿಂದ ಗಂಡನ ಮನೆಗೆ ಒಂದು ಕಾಗದ ಬರಬೇಕಿತ್ತು. ನನಗೆ ಈ ಕಾಗದಗಳೆಂದರೆ ಬಲು ಪ್ರೀತಿ. ನಮ್ಮದು ತುಂಬಿದ ಮನೆ. ಬಂದ ಟಪಾಲನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದುವ ಕೆಲಸ ಬಹಳ ಕಾಲ ನನ್ನದಾಗಿತ್ತು.

ಆ ಕಾಗದ ಬರೆಯುವವಳಿಗೆ ತಿಳಿದಿರಬೇಕಾದ ಮುಖ್ಯ ಸಂಗತಿಯೇ ಅದು. ಅದನ್ನು ಯಾರೋ ಒಬ್ಬರು ಓದುತ್ತಾರೆ, ಉಳಿದವರೆಲ್ಲ ಕೇಳುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತವರು, ಅಡಿಕೆ ಹಾಳೆ ಹರವುತ್ತಿರುವವರು, ತೊಟ್ಟಿಲು ತೂಗುವವರು, ಎಲ್ಲರೂ ತಮ್ಮ ಸರದಿ ಬರುವುದನ್ನೇ ಕಾಯುತ್ತಿರುತ್ತಾರೆ.

ಕಾರ್ಡು ಬರೆದರೆ ಪೋಸ್ಟ್‌ಮ್ಯಾನನೂ ಓದುತ್ತಾನೆಂದು ಇನ್‌ಲ್ಯಾಂಡನ್ನೇ ತರಿಸುತ್ತಿದ್ದರು. 1950ರಲ್ಲಿ ಶುರುವಾದ ಆ ನೀಲಿ ಹಾಳೆಯಲ್ಲಿ ಬರೆಯಲು ಸಿಗುವುದು ಒಳಗಿನ ಒಂದು ಮೈ, ಹಿಂಬದಿಯ ಒಂದು ಮಡಿಕೆ, ಅಷ್ಟೇ. ಒಳಗೆ ಏನನ್ನೂ ಇಟ್ಟು ಕಳಿಸುವಂತಿಲ್ಲ. ಕುಂಕುಮದ ಪೊಟ್ಟಣಕ್ಕೆ ಅವಕಾಶವಿಲ್ಲದ್ದರಿಂದ ಅರಿಶಿನ ಕುಂಕುಮವನ್ನು ಮೂಲೆಗೆ ಹಚ್ಚುತ್ತಿದ್ದರು. ತಲೆಯ ಮೇಲೆ 'ಶ್ರೀ', ಪಕ್ಕದಲ್ಲಿ 'ಕ್ಷೇಮ', ಆಮೇಲೆ ತೀರ್ಥರೂಪು ಸಮಾನರಾದ ಮಾವನವರಿಗೂ ಮಾತೃಶ್ರೀ ಸಮಾನರಾದ ಅತ್ತೆಯವರಿಗೂ ನಮಸ್ಕಾರ. ಇಷ್ಟನ್ನು ಅವಳ ತಂದೆಯೋ ಅಣ್ಣನೋ ಹೇಳಿಕೊಡುತ್ತಿದ್ದರು. ನಮಸ್ಕಾರದಲ್ಲೇ ಅರ್ಧ ಹಾಳೆ ತುಂಬಿಹೋದರೆ ಕಾಗದ ಕೆಟ್ಟಂತೆ. ಕೇಳುವವರಿಗೆ ಅವಳ ದನಿ ಸಿಗುವುದು ಅದರ ಮುಂದಿನ ಸಾಲುಗಳಲ್ಲಿ.

ನಮ್ಮ ಚಿಕ್ಕಮ್ಮ ಬರೆದ ಮೊದಲ ಕಾಗದ ನನಗೆ ಇಂದಿಗೂ ನೆನಪಿದೆ. ಮಾವನಿಗೆ, 'ಎರಡನೇ ಸಲದ ಕೊಳೆ ಔಷಧಿ ಹೊಡೆಸಿದ್ದಾಯಿತೇ, ಮಳೆ ಹೊಳವು ಕೊಟ್ಟಿತೇ' ಎಂದು ಕೇಳಿದ್ದರು. ಮೈಲುತುತ್ತ ಸುಣ್ಣ ಬೆರೆಸಿದ ಆ ಔಷಧಿಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ಹೊಡೆದರೆ ಸಾಲದು. ತಿಂಗಳೊಂದೂವರೆ ತಿಂಗಳಲ್ಲಿ ಮತ್ತೊಮ್ಮೆ ಹೊಡೆಯಬೇಕು, ಅದಕ್ಕೆ ಗೊನೆ ಒಣಗಿರಬೇಕು. ಆಷಾಢದಲ್ಲಿ ತೋಟದವರ ಜೀವವೆಲ್ಲ ಆ ಹೊಳವಿನ ಮೇಲೆ. ಹೊಸ ಹುಡುಗಿ ಅದನ್ನು ಕೇಳಿದಾಗ ಅಜ್ಜ ಕವಳ ತುಂಬಿದ ಬಾಯಲ್ಲೇ 'ಇನ್ನೊಂದು ಸಲ ಓದು' ಎಂದರು. ಅಜ್ಜಿಗೆ, 'ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿ ಚಿರುಟಿತೇ, ಖಾರ ಬೆರೆಸುವಾಗ ನಾನಿರಲಿಲ್ಲವಲ್ಲ' ಎಂದು ಬರೆದಿದ್ದರು. ಅತ್ತೆಯ ಕೈ ಅಡುಗೆ ಚೆನ್ನಾಗಿತ್ತು ಎಂದು ಬರೆಯುವುದು ಸುಲಭ. ಭರಣಿಯ ಬಟ್ಟೆ ಬಿಚ್ಚಿ ನೋಡಿದವಳು ಮಾತ್ರ ಮಿಡಿ ಚಿರುಟಿತೇ ಎಂದು ಕೇಳಬಲ್ಲಳು.

ಸರದಿ ತಪ್ಪುವ ಅಪಾಯ ಹೆಚ್ಚಾಗಿರುವುದು ಬದಿಗಿರುವವರಿಗೆ. ಹಿರಿಯರಾದ ಮೇಲೆ ಭಾವ, ಓರಗಿತ್ತಿ ಅಕ್ಕ, ನಾದಿನಿ, ಕೊನೆಗೆ ಮಕ್ಕಳಿಗೆ ಆಶೀರ್ವಾದ ಎಂದು ಬರೆದು ಮುಗಿಸಿದರೆ, ಮನೆಯಲ್ಲೇ ಉಳಿದುಹೋದ ಮಾವನ ಅಕ್ಕ ಹೊರಗೇ ಉಳಿಯುತ್ತಾರೆ. 'ಮನೆಯವರೆಲ್ಲರಿಗೂ' ಎಂಬ ಮಾತಿನಲ್ಲಿ ಅವರೂ ಇದ್ದಾರೆ ಎನ್ನಬಹುದು, ಆದರೆ ಕೇಳುವ ಕಿವಿಗೆ ಅದು ಸಾಲದು. ಚಿಕ್ಕಮ್ಮ ಅವರಿಗೆ, 'ದೊಡ್ಡಮ್ಮಾ, ಹಸಿ ಸೌದೆಯಲ್ಲಿ ಬಚ್ಚಲ ಒಲೆ ಹೊತ್ತಿಸುವುದನ್ನು ನೀವು ತೋರಿಸಿಕೊಟ್ಟ ಹಾಗೆ ಇಲ್ಲಿ ಅಮ್ಮನಿಗೂ ತೋರಿಸಿದೆ' ಎಂದು ಬರೆದಿದ್ದರು. ದೊಡ್ಡಮ್ಮ ಆ ಕಾಗದವನ್ನು ನನ್ನ ಕೈಯಿಂದ ಇಸಿದುಕೊಂಡು ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ಓದು ಬಾರದವರು ಅವರು.

ಇನ್ನೊಂದು ಇಕ್ಕಟ್ಟು ಮೈದುನನದು. ವರಸೆಯಲ್ಲಿ ಕಿರಿಯ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾಗಿರಬಹುದು. ಅತ್ತಿಗೆಯೆಂದು ಆಶೀರ್ವಾದ ಬರೆದರೆ ಅವಳಿಗೇ ಮುಜುಗರ, ನಮಸ್ಕಾರ ಬರೆದರೆ ವರಸೆಗೆ ವಿರುದ್ಧ. ಎರಡನ್ನೂ ಬಿಟ್ಟು, ಅವನ ಪರೀಕ್ಷೆ ಏನಾಯಿತೆಂದು ಕೇಳಿಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಗಂಡನ ಹೆಸರು ಇಡೀ ಕಾಗದದಲ್ಲಿ ಬರುವಂತಿಲ್ಲ. ಅವನಿಗೆ ಬೇರೆ ಕಾಗದ ಉಂಟೋ ಇಲ್ಲವೋ, ಇದರಲ್ಲಿ ಒಂದು ಸಾಲು ಸಲ್ಲಬೇಕು. 'ಇವರ ಕೊಡೆಯ ಕಡ್ಡಿ ಮುರಿದಿತ್ತು, ರಿಪೇರಿ ಮಾಡಿಸಿದರೇ' ಎಂದು ಚಿಕ್ಕಮ್ಮ ಕೇಳಿದ್ದರು. ಕಂಬದ ಹಿಂದೆ ನಿಂತಿದ್ದ ಚಿಕ್ಕಪ್ಪ ಮರುದಿನವೇ ಪೇಟೆಗೆ ಹೋದರು.

ಹಿಂಬದಿಯ ಮಡಿಕೆಯನ್ನು ಮಾತ್ರ ಅವಳು ತುಂಬಿಸಬಾರದು. ಆಷಾಢದ ಕೊನೆಯ ದಿನ ಭೀಮನ ಅಮಾವಾಸ್ಯೆ; ಪೂಜೆಗೆ ಅಳಿಯ ಬರಬೇಕು. ಬನ್ನಿ ಎಂದು ಕರೆಯಬೇಕಾದವರು ಅವಳ ತಂದೆ. ಆ ನಾಲ್ಕು ಸಾಲಿನ ಜಾಗ ಅವರದು.